ಕೋರ್ಟ್ ಪೇಸ್: ಟೆನಿಸ್ ಅಂಕಣದ ವೇಗ ಎಂದರೇನು?

ಹುಲ್ಲಿನಂಕಣ ವೇಗದ್ದು, ಮಣ್ಣಿನಂಕಣ ನಿಧಾನದ್ದು ಎನ್ನುತ್ತೇವೆ. ಅಂಕಣವೇನೋ ಅಲ್ಲಾಡುವುದಿಲ್ಲ. ನೆಲಕ್ಕೆ ಬಿದ್ದೆದ್ದ ಚೆಂಡನ್ನು ತಲುಪಲು ಆಟಗಾರನಿಗೆ ಎಷ್ಟು ಸಮಯ ಸಿಗುತ್ತದೆ ಎಂಬುದೇ ಈ 'ವೇಗ'.

ಇದನ್ನು ಎರಡು ಸಂಗತಿಗಳು ತೀರ್ಮಾನಿಸುತ್ತವೆ. ಒಂದು, ನೆಲದ ಘರ್ಷಣೆ. ಹೆಚ್ಚಿದ್ದಷ್ಟೂ ಚೆಂಡಿನ ಮುನ್ನುಗ್ಗುವ ವೇಗ ಕುಗ್ಗುತ್ತದೆ. ಇನ್ನೊಂದು, ಪುಟಿತ. ಚೆಂಡು ಎತ್ತರಕ್ಕೆ ಎದ್ದಷ್ಟೂ ಕೆಳಗಿಳಿಯಲು ಹೊತ್ತು ಬೇಕು, ಆಟಗಾರನಿಗೆ ಅಷ್ಟು ಬಿಡುವು. ಅಂತಾರಾಷ್ಟ್ರೀಯ ಟೆನಿಸ್ ಫೆಡರೇಷನ್ ಇವೆರಡನ್ನೂ ಸೇರಿಸಿ CPR, ಅಂದರೆ ಕೋರ್ಟ್ ಪೇಸ್ ರೇಟಿಂಗ್ ಎಂಬ ಒಂದು ಅಂಕಿ ಕೊಡುತ್ತದೆ:

```
CPR = 100(1 − μ) + 150(0.81 − e)
```

μ ಘರ್ಷಣೆಯ ಗುಣಾಂಕ, e ಪುಟಿತದ ಗುಣಾಂಕ. ಉದಾಹರಣೆಗೆ ಒಂದು ಮಣ್ಣಿನಂಕಣದಲ್ಲಿ μ 0.70, e 0.85 ಎಂದಿಟ್ಟುಕೊಳ್ಳಿ: 30ರಲ್ಲಿ 6 ಕಳೆದು 24. ಹುಲ್ಲಿನಲ್ಲಿ 0.50 ಮತ್ತು 0.75 ಆದರೆ 50ಕ್ಕೆ 9 ಸೇರಿ 59. 29ರವರೆಗೆ ನಿಧಾನ, 45 ಮತ್ತು ಅದಕ್ಕಿಂತ ಹೆಚ್ಚಿದ್ದರೆ ವೇಗ.

ಮಣ್ಣು ಚೆಂಡನ್ನು ಎತ್ತರಿಸುವುದಕ್ಕೆ ಇನ್ನೊಂದು ಕಾರಣವಿದೆ. ಬೀಳುವ ಚೆಂಡು ಅಂಕಣದ ಮೇಲೆ ಹರಡಿರುವ ಸಡಿಲ ಇಟ್ಟಿಗೆಪುಡಿಯನ್ನು ತನ್ನ ಮುಂದಕ್ಕೆ ತಳ್ಳಿ ಪುಟ್ಟ ದಿಬ್ಬ ಮಾಡಿಕೊಂಡು, ಅದರ ಮೇಲಿಂದ ಚಿಮ್ಮುತ್ತದೆ. ಟಾಪ್‌ಸ್ಪಿನ್ ಜೋರಾಗಿದ್ದರಂತೂ ಎದುರಾಳಿಯ ಭುಜದ ಮಟ್ಟಕ್ಕೇ ಏರುತ್ತದೆ. ರಫೆಲ್ ನಡಾಲ್ ರೋಲಾಂ ಗಾರೋಸ್‌ನಲ್ಲಿ ಫ್ರೆಂಚ್ ಓಪನ್ ಪ್ರಶಸ್ತಿಯನ್ನು 14 ಬಾರಿ ಗೆದ್ದದ್ದರಲ್ಲಿ ಈ ಹೊಡೆತದ ಪಾಲು ದೊಡ್ಡದು. ಹುಲ್ಲಿನ ಮೇಲೆ ಚೆಂಡು ಜಾರಿ ತಗ್ಗಿನಲ್ಲೇ ಸಾಗುವುದರಿಂದ ನೇರ ಸರ್ವ್, ಸ್ಲೈಸ್, ನೆಟ್ ಬಳಿಯ ವಾಲಿಗಳಿಗೆ ಫಲ ಹೆಚ್ಚು.

ಹಾಗೆಂದು ಹುಲ್ಲೆಲ್ಲ ಒಂದೇ ಅಲ್ಲ. 2001ರಲ್ಲಿ ವಿಂಬಲ್ಡನ್ ತನ್ನ ಮಿಶ್ರ ಹುಲ್ಲನ್ನು ಬಿಟ್ಟು ಪೂರ್ತಿ ರೈ ಹುಲ್ಲಿಗೆ ಬಂತು. ನೆಲ ಗಟ್ಟಿಯಾಯಿತು, ಪುಟಿತ ಏರಿತು. ಮರುವರ್ಷದ ಪುರುಷರ ಫೈನಲ್ ಆಡಿದ ಹೆವಿಟ್, ನಲ್ಬಾಂಡಿಯನ್ ಇಬ್ಬರೂ ಬೇಸ್‌ಲೈನ್ ಆಟಗಾರರೇ. ರ‍್ಯಾಕೆಟ್, ದಾರಗಳ ಪಾತ್ರವೂ ಇತ್ತೆನ್ನಿ. ಎಲ್ಲವನ್ನೂ ಹುಲ್ಲಿನ ತಲೆಗೆ ಕಟ್ಟಬೇಕಿಲ್ಲ.

ಹಾರ್ಡ್ ಕೋರ್ಟ್‌ನ ವೇಗ ಬಣ್ಣದ ಡಬ್ಬಿಯಲ್ಲಿದೆ. ಅಕ್ರಿಲಿಕ್ ಬಣ್ಣಕ್ಕೆ ಬೆರೆಸುವ ಮರಳು ಒರಟಾಗಿದ್ದರೆ, ಹೆಚ್ಚಿದ್ದರೆ ನಿಧಾನ. ನುಣುಪಾದರೆ, ಕಡಿಮೆಯಾದರೆ ವೇಗ. ಹೆಚ್ಚು ತುಳಿತ ಬೀಳುವ ಬೇಸ್‌ಲೈನ್ ಸುತ್ತ ಮರಳು ಮೊದಲು ಸವೆಯುತ್ತದೆ. ಅಲ್ಲಿ ಕೈಯಾಡಿಸಿದರೆ ನಯವೆನಿಸಿ, ಒಂದೇ ಬಗೆಯ ಹೊಡೆತ ಅಲ್ಲಿ ಜಾರಿ ಸರ್ವಿಸ್ ಬಾಕ್ಸ್‌ನಲ್ಲಿ ಏರುತ್ತಿದ್ದರೆ, ಹೊಸ ಲೇಪನದ ಹೊತ್ತಾಯಿತು. ಗೆರೆಗಳಿಗೆ ಮರಳಿಲ್ಲದ ಬಣ್ಣ ಬಳಿದಾಗಲೂ ಇದೇ ಪಾಡು: ಗೆರೆಗೆ ಬಿದ್ದ ಚೆಂಡು ಸರ್ರನೆ ಜಾರುತ್ತದೆ.