ಕೈ ಅಲುಗಿದ ಜಾಡು ಗೊತ್ತಿಲ್ಲದಾಗ ಫೋಟೋ ತಿದ್ದುವುದು

ಶಟರ್ ತೆರೆದಿದ್ದಾಗ ಕ್ಯಾಮೆರಾ ಅಲುಗಿದರೆ ದೃಶ್ಯದ ಪ್ರತಿ ಬಿಂದುವೂ ಒಂದು ಪುಟ್ಟ ಗೆರೆಯಾಗಿ ಹರಡುತ್ತದೆ. ಆ ಗೆರೆಯ ಆಕಾರಕ್ಕೆ ಕರ್ನಲ್ ಎನ್ನುತ್ತೇವೆ. ಲೆಕ್ಕ ಹೀಗಿದೆ:

```
B = K * L + N
```

B ನಮ್ಮ ಕೈಯಲ್ಲಿರುವ ಮಸುಕು ಚಿತ್ರ, L ಸ್ಪಷ್ಟ ಚಿತ್ರ, K ಕರ್ನಲ್, N ನಾಯ್ಸ್. ಇಲ್ಲಿ `*` ಗುಣಾಕಾರವಲ್ಲ, ಕನ್ವಲ್ಯೂಶನ್: L ಚಿತ್ರದ ಪ್ರತಿ ಬಿಂದುವನ್ನೂ K ಆಕಾರದಲ್ಲಿ ಹರಡಿ ಎಲ್ಲವನ್ನೂ ಕೂಡುವುದು. K ಗೊತ್ತಿದ್ದರೆ L ಹುಡುಕುವ ವಿಧಾನಗಳು 1970ರ ದಶಕದಿಂದಲೇ ಇವೆ. ಕೈಯಲ್ಲಿ ಹಿಡಿದು ತೆಗೆದ ಫೋಟೋದಲ್ಲಿ ಗೊತ್ತಿರುವುದು B ಒಂದೇ.

ಎರಡೂ ಗೊತ್ತಿಲ್ಲದಿದ್ದಾಗ ಯಾರಿಗಾದರೂ ಮೊದಲು ಹೊಳೆಯುವ ದಾರಿ ಇದು: ಸಹಜ ಚಿತ್ರಗಳಲ್ಲಿ ಬಹುತೇಕ ಕಡೆ ಬಣ್ಣ ಸಮತಟ್ಟಾಗಿರುತ್ತದೆ, ಅಲ್ಲೊಂದು ಇಲ್ಲೊಂದು ಚೂಪಾದ ಅಂಚು ಇರುತ್ತದೆ. ಆದ್ದರಿಂದ ಅಕ್ಕಪಕ್ಕದ ಪಿಕ್ಸೆಲ್‌ಗಳ ವ್ಯತ್ಯಾಸಕ್ಕೆ, ಅಂದರೆ ಗ್ರೇಡಿಯಂಟಿಗೆ, ದಂಡ ಹಾಕಿ, B ಜೊತೆ ಹೊಂದುವ L ಮತ್ತು K ಜೋಡಿಗಳಲ್ಲಿ ದಂಡ ಕಡಿಮೆ ಇರುವುದನ್ನು ಆರಿಸಿಕೊಳ್ಳುವುದು. ಕೇಳಲು ಸರಿಯಾಗಿಯೇ ಇದೆ. ಆದರೆ ಓಡಿಸಿ ನೋಡಿದರೆ ಹೆಚ್ಚಿನ ಸಲ ಸಿಗುವ ಉತ್ತರ ‘ಚಿತ್ರ ಮಸುಕೇ ಆಗಿಲ್ಲ’ ಎಂದು: K ನಡುವಿನ ಒಂದೇ ಚುಕ್ಕೆ, L ಅದೇ ಮಸುಕು ಚಿತ್ರ. 2009ರಲ್ಲಿ ಅನಾತ್ ಲೆವಿನ್ ಮತ್ತು ಸಂಗಡಿಗರು ಇದು ಪ್ರೋಗ್ರಾಮಿನ ದೋಷವಲ್ಲ, ಲೆಕ್ಕದಲ್ಲೇ ಇರುವ ಒಲವು ಎಂದು ತೋರಿಸಿಕೊಟ್ಟರು.

ಕಾರಣವನ್ನು ಒಂದೇ ಸಾಲಿನ ಪಿಕ್ಸೆಲ್‌ಗಳಲ್ಲಿ ಕೈಲೆಕ್ಕ ಮಾಡಿ ನೋಡಬಹುದು. 0ಗಳ ನಡುವೆ ಒಂದೇ ಒಂದು ಪಿಕ್ಸೆಲ್ 1 ಇದೆ ಎನ್ನಿ. ಅದೊಂದು ತೆಳು ಬಿಳಿ ಗೆರೆ. ದಂಡ ಎಂದರೆ ಪ್ರತಿ ವ್ಯತ್ಯಾಸದ ವರ್ಗಮೂಲಗಳ ಮೊತ್ತ ಎಂದಿಟ್ಟುಕೊಳ್ಳೋಣ. ಚೂಪಾದ ಗೆರೆಯಲ್ಲಿ ಒಂದು ಏರು, ಒಂದು ಇಳಿತ: ದಂಡ 2. ಅದನ್ನು 3 ಪಿಕ್ಸೆಲ್ ಅಗಲಕ್ಕೆ ಸಮವಾಗಿ ಹರಡಿದರೆ ಮೂರು ಕಡೆಯೂ 1/3. ಏರು 1/3, ಇಳಿತ 1/3. ದಂಡ ಸುಮಾರು 1.15. ಮಸುಕೇ ಅಗ್ಗವಾಯಿತು. ಈಗ ಒಂದು ಕಡೆ ಪೂರ್ತಿ 0, ಇನ್ನೊಂದು ಕಡೆ ಪೂರ್ತಿ 1 ಇರುವ ಅಂಚನ್ನು ತೆಗೆದುಕೊಳ್ಳಿ. ಚೂಪಾಗಿದ್ದಾಗ ದಂಡ 1. ಹರಡಿದಾಗ 1/3ರ ಮೂರು ಮೆಟ್ಟಿಲು, ದಂಡ ಸುಮಾರು 1.73. ಇಲ್ಲಿ ಚೂಪೇ ಅಗ್ಗ.

ಅಂದರೆ ಅಗಲವಾದ ವಸ್ತುಗಳ ಅಂಚು ಸರಿಯಾದ ಉತ್ತರದ ಕಡೆ ಎಳೆಯುತ್ತದೆ. ಕರ್ನಲ್‌ಗಿಂತ ಸಣ್ಣದಾದ ವಿವರ ತಪ್ಪು ಉತ್ತರದ ಕಡೆ ಎಳೆಯುತ್ತದೆ. ಎಲೆ, ಹುಲ್ಲು, ಬಟ್ಟೆಯ ನೇಯ್ಗೆಯಂಥವು ಚಿತ್ರದಲ್ಲಿ ಜಾಸ್ತಿ ಇರುವುದರಿಂದ ಎರಡನೆಯದೇ ಗೆಲ್ಲುತ್ತದೆ. ಕೆಲಸಕ್ಕೆ ಬರುವ ವಿಧಾನಗಳಲ್ಲಿ ಬಹಳಷ್ಟು ಈ ಒಲವನ್ನು ಯಾವುದಾದರೊಂದು ಬಗೆಯಲ್ಲಿ ತಪ್ಪಿಸುತ್ತವೆ. ಅವುಗಳಲ್ಲಿ ಅರ್ಥ ಮಾಡಿಕೊಳ್ಳಲು ಸುಲಭವಾದದ್ದು 2009ರಲ್ಲೇ ಚೊ ಮತ್ತು ಲೀ ಪ್ರಕಟಿಸಿದ, ಅಂಚುಗಳನ್ನು ಊಹಿಸಿ ಮುಂದುವರಿಯುವ ದಾರಿ.

ಒಂದು ಉದಾಹರಣೆ ಹಿಡಿಯೋಣ. ಮುಸ್ಸಂಜೆಯಲ್ಲಿ 1/8 ಸೆಕೆಂಡಿನಲ್ಲಿ ತೆಗೆದ ಫೋಟೋ. ಕಿಟಕಿಗಳಿರುವ ಗೋಡೆ, ಪಕ್ಕದಲ್ಲಿ ಮರ, ದೂರದಲ್ಲೊಂದು ದೀಪ. ದೀಪ ಕೊಕ್ಕೆಯಂತೆ ಬಾಗಿದ ಗೆರೆಯಾಗಿದೆ, ಅಗಲ 22 ಪಿಕ್ಸೆಲ್, ಎತ್ತರ 14. ದೊಡ್ಡ ಅಳತೆಗಿಂತ ಸ್ವಲ್ಪ ಹೆಚ್ಚಾದ ಬೆಸ ಸಂಖ್ಯೆಯನ್ನು ಕರ್ನಲ್ ಗಾತ್ರವಾಗಿ ಇಡಬೇಕು: 27. ತೀರಾ ದೊಡ್ಡದಿಟ್ಟರೆ ಖಾಲಿ ಜಾಗದಲ್ಲಿ ನಾಯ್ಸ್ ಬಂದು ಕೂರುತ್ತದೆ.

ಲೆಕ್ಕಕ್ಕೆ ಗೋಡೆ ಮತ್ತು ಕಿಟಕಿ ಇರುವ ತುಂಡನ್ನು ಕತ್ತರಿಸಿಕೊಳ್ಳಿ. ಅಲ್ಲಿ ಅಡ್ಡ, ಉದ್ದ ಎರಡೂ ದಿಕ್ಕಿನ ಅಂಚುಗಳಿವೆ, ಕಿಟಕಿಗಳು 27 ಪಿಕ್ಸೆಲ್‌ಗಿಂತ ಎಷ್ಟೋ ಅಗಲ. ಒಂದೇ ದಿಕ್ಕಿನ ಅಂಚುಗಳಿದ್ದರೆ ಆ ಅಂಚಿನ ಉದ್ದಕ್ಕೂ ಆದ ಅಲುಗಾಟ ಕಾಣಿಸುವುದೇ ಇಲ್ಲ. ಮರವನ್ನು ಬಿಟ್ಟುಬಿಡಿ. ದೀಪವನ್ನೂ ಬಿಡಿ: ಅದರ ಪಿಕ್ಸೆಲ್‌ಗಳು 255ಕ್ಕೆ ತಾಗಿ ಕತ್ತರಿಸಿಹೋಗಿವೆ, ಅಲ್ಲಿ ಮೇಲಿನ ಸಮೀಕರಣವೇ ಸುಳ್ಳಾಗುತ್ತದೆ. ಗಾತ್ರ ಅಳೆಯಲು ಮತ್ತು ಕೊನೆಗೆ ಉತ್ತರ ತಾಳೆ ನೋಡಲು ಮಾತ್ರ ಅದು ಬೇಕು.

ಇದಕ್ಕೂ ಮೊದಲು ಹಲವರು ಬಿಟ್ಟುಬಿಡುವ ಒಂದು ಹೆಜ್ಜೆ ಇದೆ. ಬೆಳಕು ಬೆರೆಯುವುದು ಸೆನ್ಸರ್ ಮೇಲೆ. ಜೆಪೆಗ್‌ನ ಅಂಕಿಗಳು ಗಾಮಾ ವಕ್ರರೇಖೆಯಲ್ಲಿ ಹಾದು ಬಂದಂಥವು. ಕಪ್ಪು ಬಿಳಿ ಅರ್ಧರ್ಧ ಬೆರೆತ ಪಿಕ್ಸೆಲ್ ಫೈಲಿನಲ್ಲಿ 128 ಅಲ್ಲ, ಸುಮಾರು 188 ಆಗಿರುತ್ತದೆ. ಆ ಅಂಕಿಯನ್ನೇ ಲೆಕ್ಕಕ್ಕಿಟ್ಟರೆ ಒಂದೇ ಚಿತ್ರದ ಗಾಢ ಅಂಚು ಮತ್ತು ತಿಳಿ ಅಂಚು ಬೇರೆ ಬೇರೆ ಕರ್ನಲ್ ಹೇಳುತ್ತವೆ. ರಾ ಫೈಲ್ ಇದ್ದರೆ ಅದನ್ನೇ ಬಳಸಿ. ಇಲ್ಲವಾದರೆ 0ರಿಂದ 1ರ ಅಳತೆಗೆ ತಂದು 2.2ರ ಘಾತಕ್ಕೆ ಏರಿಸಿದರೂ ಬಹುಪಾಲು ಸರಿಹೋಗುತ್ತದೆ.

ಈಗ ಚಿತ್ರವನ್ನು ಕುಗ್ಗಿಸುವುದು. ಪ್ರತಿ ಹಂತದಲ್ಲೂ ಸುಮಾರು 0.7 ಪಟ್ಟು ಇಳಿಸುತ್ತಾ ಹೋದರೆ ಕರ್ನಲ್ 27, 19, 13, 9, 7, 5, 3 ಆಗುತ್ತದೆ. ಕೊನೆಯ ಹಂತದಲ್ಲಿ ಚಿತ್ರ ಎಂಟನೇ ಒಂದರಷ್ಟಾಗಿ, 22 ಪಿಕ್ಸೆಲ್‌ನ ಜಾಡು ಮೂರರೊಳಗೆ ಬರುತ್ತದೆ. ಅಲ್ಲಿ ತಪ್ಪು ದಾರಿ ಹಿಡಿಯುವ ಅವಕಾಶ ಕಡಿಮೆ, ಆದ್ದರಿಂದ ಅಲ್ಲಿಂದಲೇ ಶುರು.

ಪ್ರತಿ ಹಂತದಲ್ಲಿ ಮಾಡುವ ಕೆಲಸ ಒಂದೇ. ಬೈಲ್ಯಾಟರಲ್ ಫಿಲ್ಟರ್‌ನಿಂದ ನಾಯ್ಸ್ ತಗ್ಗಿಸಿ, ಶಾಕ್ ಫಿಲ್ಟರ್‌ನಿಂದ ಇಳಿಜಾರಾದ ಅಂಚುಗಳನ್ನು ಮೆಟ್ಟಿಲಾಗಿಸಿ, ಬಲವಾದ ಗ್ರೇಡಿಯಂಟ್‌ಗಳನ್ನಷ್ಟೇ ಉಳಿಸಿಕೊಳ್ಳುವುದು. ‘ಸ್ಪಷ್ಟ ಚಿತ್ರದ ಅಂಚು ಹೀಗಿದ್ದಿರಬೇಕು’ ಎಂಬ ಊಹೆ ಇದು. ಈ ಗ್ರೇಡಿಯಂಟ್‌ಗಳನ್ನು ಯಾವ ಕರ್ನಲ್ ಹರಡಿದರೆ B ಚಿತ್ರದ ಗ್ರೇಡಿಯಂಟ್ ಬರುತ್ತದೆ ಎಂದು ಲೀಸ್ಟ್ ಸ್ಕ್ವೇರ್ಸ್‌ನಲ್ಲಿ ಬಿಡಿಸಿ, ಬಂದ ಕರ್ನಲನ್ನು ಶುಚಿ ಮಾಡಬೇಕು:

```python
k = np.maximum(k, 0)
k[k < k.max() / 20] = 0
k /= k.sum()
```

ಶಟರ್ ತೆರೆದಿದ್ದ ಕಾಲ ಋಣವಾಗಿರಲು ಸಾಧ್ಯವಿಲ್ಲ, ಒಟ್ಟು ಬೆಳಕು ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. ಮೊದಲ ಮತ್ತು ಕೊನೆಯ ಸಾಲಿನ ಅರ್ಥ ಇಷ್ಟೇ. ಈ ಕರ್ನಲ್‌ನಿಂದ L ಅನ್ನು ಒರಟಾಗಿ ಬಿಡಿಸಿ, ಮತ್ತೆ ಅಂಚು ಊಹಿಸಿ, ಐದಾರು ಸುತ್ತು ತಿರುಗಿಸಿ ಮುಂದಿನ ಹಂತಕ್ಕೆ ಹಿಗ್ಗಿಸುವುದು. ನಡುವಿನ L ನೋಡಲು ಕೆಟ್ಟದಾಗಿರುತ್ತದೆ. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ, ಅದರ ಕೆಲಸ ಅಂಚು ಒದಗಿಸುವುದಷ್ಟೆ.

ಚಿತ್ರಕ್ಕಿಂತ ಮೊದಲು ಕರ್ನಲನ್ನು ದೊಡ್ಡದು ಮಾಡಿ ನೋಡುವ ಅಭ್ಯಾಸ ಒಳ್ಳೆಯದು. ಸರಿಯಾದದ್ದು ತೆಳುವಾದ, ತುಂಡಾಗದ ಗೆರೆ. ಕೈ ಕ್ಷಣಕಾಲ ನಿಂತ ಕಡೆ ಪ್ರಖರವಾಗಿರುತ್ತದೆ. ನಮ್ಮ ಉದಾಹರಣೆಯಲ್ಲಿ ಅದು ದೀಪದ ಕೊಕ್ಕೆಯನ್ನೇ ಹೋಲಬೇಕು. ನಡುವೆ ಒಂದೇ ಚುಕ್ಕೆ ಬಂದಿದ್ದರೆ ಸಣ್ಣ ವಿವರ ಗೆದ್ದಿದೆ, ತುಂಡನ್ನು ಬದಲಿಸಿ. ಗೆರೆ ಚೌಕದ ಅಂಚಿಗೆ ತಾಗಿದ್ದರೆ ಗಾತ್ರ ಸಾಲದು. ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿದ್ದರೆ ನಾಯ್ಸ್. ದುಂಡಗೆ ತುಂಬಿಕೊಂಡಿದ್ದರೆ ಕೈ ಅಲುಗಿದ್ದಕ್ಕಿಂತ ಫೋಕಸ್ ತಪ್ಪಿರುವ ಸಂಭವ ಹೆಚ್ಚು.

ಕರ್ನಲ್ ಚೆನ್ನಾಗಿದ್ದೂ ಚಿತ್ರದ ಒಂದು ಮೂಲೆ ಮಾತ್ರ ಕೆಟ್ಟಿದ್ದರೆ, ಎದುರುಬದುರು ಮೂಲೆಗಳಲ್ಲಿ ಬೇರೆ ಬೇರೆಯಾಗಿ ಅಂದಾಜು ಮಾಡಿ ಹೋಲಿಸಿ. ಕ್ಯಾಮೆರಾ ಲೆನ್ಸಿನ ಅಕ್ಷದ ಸುತ್ತ ಅರ್ಧ ಡಿಗ್ರಿ ತಿರುಗಿದರೂ ನಡುವಿನಿಂದ 2000 ಪಿಕ್ಸೆಲ್ ದೂರದಲ್ಲಿ ಅದು 17 ಪಿಕ್ಸೆಲ್ ಜಾಡಾಗುತ್ತದೆ, ನಡುವಿನಲ್ಲಿ ಸೊನ್ನೆ. ಅಂಥ ಚಿತ್ರಕ್ಕೆ ಇಡೀ ಫ್ರೇಮಿಗೊಂದೇ ಕರ್ನಲ್ ಎಂಬುದೇ ಇಲ್ಲ. ಒಂದರ ಮೇಲೊಂದು ಹಾಯುವ ತುಂಡುಗಳಾಗಿ ಒಡೆದು ಬಿಡಿಸಬೇಕು, ಇಲ್ಲವೇ ತಿರುಗುವಿಕೆಯನ್ನೂ ಲೆಕ್ಕಕ್ಕೆ ಸೇರಿಸುವ ವಿಧಾನ ಬಳಸಬೇಕು.

ಕರ್ನಲ್ ಖಚಿತವಾದ ಮೇಲೆ ಕೊನೆಯ ಬಿಡಿಸುವಿಕೆಯನ್ನು ಪೂರ್ತಿ ಚಿತ್ರದ ಮೇಲೆ ಹೊಸದಾಗಿ ಮಾಡಿ. ಅಂದಾಜಿನ ಹೊತ್ತಿನ L ಬೇಡ. ಗೊತ್ತಿರುವ ಕರ್ನಲ್‌ನಿಂದ ಚಿತ್ರವನ್ನು ಸುತ್ತು ಸುತ್ತಾಗಿ ತಿದ್ದುತ್ತಾ ಹೋಗುವ ರಿಚರ್ಡ್‌ಸನ್-ಲೂಸಿ ವಿಧಾನ ಬಳಸುವುದಾದರೆ ಸುತ್ತುಗಳನ್ನು ಹೆಚ್ಚಿಸುತ್ತಾ ಗೋಡೆಯ ಅಂಚನ್ನೇ ಗಮನಿಸಿ. ಅಂಚಿಗೆ ಸಮಾನಾಂತರವಾಗಿ ಅಲೆಯಂಥ ಪಟ್ಟೆಗಳು ಏಳಲು ಶುರುವಾದ ಕಡೆ ನಿಲ್ಲಿಸಿ. ದೀಪದ ಸುತ್ತಲೂ ಮೊದಲೇ ಉಂಗುರಗಳು ಬಂದರೆ, ಕತ್ತರಿಸಿಹೋದ ಆ ಪಿಕ್ಸೆಲ್‌ಗಳನ್ನು ಮಾಸ್ಕ್ ಮಾಡಿ ಲೆಕ್ಕದಿಂದ ಹೊರಗಿಟ್ಟು ಮತ್ತೊಮ್ಮೆ ಓಡಿಸಿ.