ಕತೆಗೂ ಕತ್ತೆಗೂ ನಡುವೆ ಒಂದಿಷ್ಟು ಮೌನ

‘ಕತೆ’ ಅನ್ನಿ. ಆಮೇಲೆ ‘ಕತ್ತೆ’ ಅನ್ನಿ. ಎರಡು ಸಲವೂ ನಾಲಿಗೆ ಹಲ್ಲಿನ ಹಿಂದೆ ಅದೇ ಜಾಗವನ್ನು ಮುಟ್ಟುತ್ತದೆ, ಆದರೆ ಎರಡನೇ ಸಲ ಅಲ್ಲೇ ಸ್ವಲ್ಪ ಜಾಸ್ತಿ ಹೊತ್ತು ಒತ್ತಿಕೊಂಡಿರುತ್ತದೆ. ಅಷ್ಟು ಹೊತ್ತು ಬಾಯಿಂದ ಗಾಳಿ ಬರುವುದಿಲ್ಲ, ಸದ್ದೂ ಇರುವುದಿಲ್ಲ. ಅಂದರೆ ಈ ಎರಡು ಪದಗಳನ್ನು ಬೇರೆ ಮಾಡುವುದು ಮುಖ್ಯವಾಗಿ ಸದ್ದಲ್ಲ, ಸದ್ದು ಇಲ್ಲದ ಹೊತ್ತು. ನಮ್ಮ ಮಾತನ್ನು ಬರಹ ಮಾಡುವ ಪ್ರೋಗ್ರಾಮ್ ಈ ಮೌನವನ್ನು ಅಳೆಯಬೇಕು.

ಅಳೆಯುವುದು ಹೀಗೆ. ಮೈಕಿನಿಂದ ಬಂದ ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 16,000 ಸಲ ಅಳೆದು ಅಂಕಿಗಳಾಗಿ ಇಟ್ಟುಕೊಳ್ಳುತ್ತಾರೆ. ಆ ಅಂಕಿಗಳನ್ನು 25 ಮಿಲಿಸೆಕೆಂಡಿನ ಚೂರುಗಳಾಗಿ ತೆಗೆದುಕೊಳ್ಳುತ್ತಾರೆ. ಪ್ರತಿ ಚೂರೂ ಹಿಂದಿನದಕ್ಕಿಂತ 10 ಮಿಲಿಸೆಕೆಂಡ್ ಮುಂದೆ ಶುರುವಾಗುತ್ತದೆ. ಒಂದೊಂದು ಚೂರಿನಲ್ಲೂ ಕೆಳಗಿನ ಸ್ಥಾಯಿಯಲ್ಲಿ ಎಷ್ಟು ಶಕ್ತಿ ಇದೆ, ಮೇಲಿನದರಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕಿ ಸಾಲಾಗಿ ಜೋಡಿಸಿದರೆ ಮಾತಿನ ಒಂದು ಚಿತ್ರ ಸಿಗುತ್ತದೆ. ಇದೇ ಸ್ಪೆಕ್ಟ್ರೋಗ್ರಾಮ್. ಸ್ವರಗಳು ಅದರಲ್ಲಿ ದಪ್ಪ ಪಟ್ಟಿಗಳಾಗಿ ಕಾಣುತ್ತವೆ. ‘ತ’ ಬರುವಲ್ಲಿ ಪಟ್ಟಿಗಳು ತುಂಡಾಗಿ ಖಾಲಿ ಜಾಗ ಬರುತ್ತದೆ, ಅದರ ಕೊನೆಯಲ್ಲಿ ನಾಲಿಗೆ ಬಿಟ್ಟಾಗ ಆಗುವ ಸಣ್ಣ ಸ್ಫೋಟದ ಗೆರೆ. ‘ಕತ್ತೆ’ಯಲ್ಲಿ ಆ ಖಾಲಿ ಜಾಗ ಹೆಚ್ಚು ಕಡಿಮೆ ಎರಡು ಪಟ್ಟು ಅಗಲ. ಆಡಾಸಿಟಿಯಂಥ ಉಚಿತ ಪ್ರೋಗ್ರಾಮಿನಲ್ಲಿ ಎರಡೂ ಪದಗಳನ್ನು ರೆಕಾರ್ಡ್ ಮಾಡಿ ನೋಡಿ, ಕಣ್ಣಿಗೇ ಕಾಣುತ್ತದೆ.

ಆದರೆ ಇಷ್ಟು ಅಗಲ ಇದ್ದರೆ ಒತ್ತಕ್ಷರ ಅಂತ ಒಂದು ಗೆರೆ ಎಳೆಯಲು ಆಗುವುದಿಲ್ಲ. ಅವಸರದಲ್ಲಿ ಮಾತಾಡುವವರ ‘ಕತ್ತೆ’ಯ ಮೌನವೂ ನಿಧಾನವಾಗಿ ಮಾತಾಡುವವರ ‘ಕತೆ’ಯ ಮೌನವೂ ಒಂದೇ ಉದ್ದ ಇರಬಹುದು. ಹಾಗಾಗಿ ಸಾವಿರಾರು ಉದಾಹರಣೆ ಕೇಳಿ ಕಲಿಯುವ ಈಗಿನ ನರಜಾಲ ಮಾಡೆಲ್‌ಗಳು ಒಂದು ಚೂರನ್ನಷ್ಟೇ ನೋಡಿ ತೀರ್ಮಾನಿಸುವುದಿಲ್ಲ. ಅಕ್ಕಪಕ್ಕದ ಮಾತಿನ ವೇಗ ನೋಡುತ್ತವೆ, ಮುಂದೆ ಯಾವ ಪದ ಬಂತು ಅಂತಲೂ ನೋಡುತ್ತವೆ. ‘ಮೇಯುತ್ತಿದೆ’ ಅಂತ ಬಂದರೆ ಕತ್ತೆಯೇ ಇರಬೇಕು, ಅಲ್ವಾ?

ಈಗ ಇದನ್ನೇ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿ. ಇಂಜಿನ್ನಿನ ಸದ್ದು, ಕಂಡಕ್ಟರ್ ಕೂಗು ಎಲ್ಲ ಸೇರಿ ಆ ಖಾಲಿ ಜಾಗವನ್ನು ತುಂಬಿಬಿಡುತ್ತವೆ. ಸ್ವರಗಳು ಜೋರಾಗಿರುವುದರಿಂದ ಹೇಗೋ ಉಳಿಯುತ್ತವೆ. ಮೌನ ಮತ್ತು ಆ ಸಣ್ಣ ಸ್ಫೋಟ ಮೊದಲು ಮುಚ್ಚಿಹೋಗುತ್ತವೆ, ಬೇಕಾದ ಸುಳಿವು ಇದ್ದದ್ದು ಅಲ್ಲೇ. ಫ್ಯಾನಿನಂಥ ಒಂದೇ ಸಮನೆ ಬರುವ ಸದ್ದನ್ನು ಅಂದಾಜು ಮಾಡಿ ಕಳೆಯಬಹುದು. ಪಕ್ಕದವರ ಮಾತು ಹಾಗಲ್ಲ, ಅದೂ ಮಾತೇ, ಅದೇ ಸ್ಥಾಯಿಗಳಲ್ಲೇ ಬರುತ್ತದೆ.

ಶಾಂತವಾದ ಕೋಣೆಯ ರೆಕಾರ್ಡಿಂಗಿಗೆ ಬೀದಿಯ ಸದ್ದು ಬೆರೆಸಿ ಮಾಡೆಲ್‌ಗೆ ಕಲಿಸುವ ರೂಢಿ ಇದೆ. ಅದರಿಂದ ಉಪಯೋಗವೂ ಇದೆ, ಆದರೆ ಪೂರ್ತಿ ಸಾಲದು. ಗದ್ದಲದಲ್ಲಿ ನಾವು ಮಾತಾಡುವ ರೀತಿಯೇ ಬದಲಾಗುತ್ತದೆ: ದನಿ ಏರುತ್ತದೆ, ಸ್ವರಗಳು ಉದ್ದವಾಗುತ್ತವೆ. ಗದ್ದಲದಲ್ಲಿ ದನಿ ಏರುವುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ವಿವರಿಸಿದ್ದರು. ಕೋಣೆಯಲ್ಲಿ ಕೂತು ಮೆಲ್ಲಗೆ ಓದಿದವರ ದನಿಗೆ ಸುಮ್ನೆ ಬಸ್ಸಿನ ಸದ್ದು ಸೇರಿಸಿದರೆ ಆ ಬದಲಾವಣೆ ಬರುವುದಿಲ್ಲ. ಇನ್ನೊಂದು ಅಪಾಯ ಇದೆ. ಸುಳಿವು ಸಿಗದಾಗ ಮಾಡೆಲ್ ಖಾಲಿ ಬಿಡುವ ಬದಲು ವಾಕ್ಯಕ್ಕೆ ಹೊಂದುವ ಪದವನ್ನು ತುಂಬಬಹುದು. ಬರಹ ಚೆನ್ನಾಗೇ ಓದಿಸಿಕೊಳ್ಳುತ್ತದೆ, ಹೇಳಿದ್ದು ಮಾತ್ರ ಅದಲ್ಲ. ದನಿಯ ಜೊತೆ ಇಟ್ಟು ನೋಡದೆ ಈ ತಪ್ಪು ಸಿಗುವುದಿಲ್ಲ.

ಉಚ್ಚಾರದ ತೊಡಕು ಬೇರೆ ಥರ. ಧಾರವಾಡದ ಕಡೆ ‘ಮನೆ’ ‘ಮನಿ’ ಆಗುತ್ತದೆ, ಹಾಗೇ ‘ಕತ್ತೆ’ ‘ಕತ್ತಿ’ ಆಗುತ್ತದೆ. ಇಲ್ಲಿ ದನಿಯಲ್ಲಿ ಮಸುಕು ಏನೂ ಇಲ್ಲ. ಸ್ಪೆಕ್ಟ್ರೋಗ್ರಾಮಿನಲ್ಲಿ ‘ಇ’ಯ ಪಟ್ಟಿಗಳು ಸ್ಪಷ್ಟವಾಗೇ ಇರುತ್ತವೆ. ಆದರೆ ಬೆಂಗಳೂರು ಮೈಸೂರಿನವರ ಓದನ್ನೇ ಜಾಸ್ತಿ ಕೇಳಿ ಕಲಿತ ಮಾಡೆಲ್‌ಗೆ ಅದು ಕೊಯ್ಯುವ ಕತ್ತಿ. ಮಂಡ್ಯದ ಕಡೆ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆದಾಗಲೂ ಇದೇ ಕತೆ. ಗದ್ದಲದಲ್ಲಿ ಸುಳಿವು ಕಳೆದುಹೋಗುತ್ತದೆ, ಇಲ್ಲಿ ಸುಳಿವು ಸರಿಯಾಗಿದ್ದೂ ಅದರ ಅರ್ಥ ಬೇರೆ.

ಬರಹವನ್ನು ಓದಿ ಹೇಳುವ ಪ್ರೋಗ್ರಾಮ್‌ಗೆ ಈ ಕಷ್ಟ ಕಮ್ಮಿ, ಯಾಕೆಂದರೆ ಅದು ಒಂದು ಬಾಯಿಯನ್ನು ಆರಿಸಿಕೊಂಡರೆ ಸಾಕು. ಅಕ್ಷರಗಳಿಂದ ಅಂಥದ್ದೇ ಸ್ಪೆಕ್ಟ್ರೋಗ್ರಾಮ್ ಕಟ್ಟಿ, ಅದರಿಂದ ದನಿ ಹುಟ್ಟಿಸುವುದು ಒಂದು ಸಾಮಾನ್ಯ ವಿಧಾನ. ಆದರೆ ಯಾವ ಅಕ್ಷರಕ್ಕೆ ಎಷ್ಟು ಹೊತ್ತು ಎಂದು ಅದೇ ನಿರ್ಧರಿಸಬೇಕು. ಅಲ್ಲಿ ಮೌನ ಗಿಡ್ಡವಾದರೆ ಕತ್ತೆ ಕತೆಯಾಗಿ ಕೇಳುತ್ತದೆ.

ಉಚ್ಚಾರದ ತೊಡಕಿಗೆ ಬೇಕಿರುವುದು ಊರೂರಿನ ಮಾತು. ಐಐಎಸ್‌ಸಿಯ ‘ವಾಣಿ’ ಯೋಜನೆಯಲ್ಲಿ ಜನರಿಗೆ ಚಿತ್ರ ತೋರಿಸಿ, ಅದರ ಬಗ್ಗೆ ತಮ್ಮ ಮಾತಲ್ಲೇ ಹೇಳಿಸಿ, ಜಿಲ್ಲೆವಾರು ದನಿ ಸಂಗ್ರಹಿಸುತ್ತಿದ್ದಾರೆ. ಓದಿಸುವುದಕ್ಕಿಂತ ಇದು ಒಳ್ಳೆಯ ದಾರಿ, ಓದುವಾಗ ಎಲ್ಲರೂ ಪುಸ್ತಕದ ಉಚ್ಚಾರಕ್ಕೆ ಜಾರುತ್ತಾರೆ. ಆದರೆ ಇಂಥ ದನಿ ಯಾರೇ ಕೂಡಿಸಲಿ, ಅದನ್ನು ಕೇಳಿ ಬರೆದುಕೊಳ್ಳುವವರ ಮುಂದೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಧಾರವಾಡದವರು ‘ಕತ್ತಿ’ ಅಂದರೆ ಏನು ಬರೆಯಬೇಕು? ‘ಕತ್ತೆ’ ಎಂದಷ್ಟೇ ಬರೆದರೆ ಆ ಉಚ್ಚಾರ ದಾಖಲೆಯಿಂದಲೇ ಹೋಗುತ್ತದೆ, ‘ಕತ್ತಿ’ ಎಂದಷ್ಟೇ ಬರೆದರೆ ಅರ್ಥ ತಪ್ಪುತ್ತದೆ. ಕೆಲಸ ದುಪ್ಪಟ್ಟಾದರೂ ಎರಡನ್ನೂ ಬರೆದಿಡಬೇಕು ಎಂದೇ ನಾನು ಹೇಳುತ್ತೇನೆ.