ಲಾಕರ್‌ನಿಂದ ಹೊರಗೆ ಬಂದ ಒಡವೆಗೆ ಯಾರು ಹೊಣೆ?

ಕಳವಿನ ಕ್ಲೇಮ್ ಬಂದಾಗ ಮನೆಗೆ ಹೋಗಿ ನಷ್ಟ ಎಷ್ಟು ಅಂತ ಲೆಕ್ಕ ಹಾಕುವುದು ವಿಮಾ ಸರ್ವೇಯರ್ ಆದ ನನ್ನ ಕೆಲಸ. ಬೆಂಗಳೂರಿನಲ್ಲಿ ಒಡವೆಯ ಕ್ಲೇಮ್‌ಗಳು ಹೆಚ್ಚಾಗಿ ಮದುವೆ ಸೀಸನ್ ಆಸುಪಾಸಿನಲ್ಲೇ ಬರುತ್ತವೆ. ವರ್ಷವೆಲ್ಲ ಲಾಕರ್‌ನಲ್ಲಿದ್ದ ಒಡವೆ ಆಗ ನಾಲ್ಕು ದಿನ ಮನೆಯಲ್ಲಿರುತ್ತದೆ. ಹೋಗುವುದೂ ಆ ನಾಲ್ಕು ದಿನದಲ್ಲೇ.

ಜಯನಗರದ ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮೈಸೂರಿನಲ್ಲಿ ಮದುವೆ ಇತ್ತು ಅಂತ ಲಾಕರ್‌ನಿಂದ ಒಡವೆ ತಂದರು. ಭಾನುವಾರ ರಾತ್ರಿ ವಾಪಸ್ ಬಂದು ಬೀರುವಿನಲ್ಲಿಟ್ಟರು. ಸೋಮವಾರ ಇಬ್ಬರೂ ಆಫೀಸಿಗೆ ಹೋದಾಗ ಬಾಗಿಲು ಮೀಟಿ ಕಳವಾಯಿತು.

"ಸಾರ್, ಲಾಕರ್‌ಗೆ ಬಾಡಿಗೆ ಕಟ್ತಾನೇ ಇದ್ದೀವಿ. ಮನೆಗೂ ಇನ್ಶೂರೆನ್ಸ್ ಇದೆ. ಎರಡರಲ್ಲಿ ಒಂದಾದ್ರೂ ಬರಲ್ವಾ?" ಅಂತ ಆ ತಾಯಿ ಕೇಳಿದರು. ಎರಡರಲ್ಲೂ ಬರಲಿಲ್ಲ. ಯಾಕೆ ಅನ್ನುವುದು ಎಲ್ಲರಿಗೂ ಗೊತ್ತಿರಬೇಕು.

ಮೊದಲು ಲಾಕರ್ ವಿಷಯ. ನೀವು ಒಳಗೆ ಏನಿಟ್ಟಿದ್ದೀರಿ ಅಂತ ಬ್ಯಾಂಕಿಗೆ ಗೊತ್ತಿರುವುದಿಲ್ಲ, ಅದು ಪಟ್ಟಿ ಮಾಡಿಕೊಳ್ಳುವುದೂ ಇಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ, ಬೆಂಕಿ, ಕಳ್ಳತನ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರ್‌ನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟು. ಬಾಡಿಗೆ 4,000 ರೂಪಾಯಿ ಆಗಿದ್ದರೆ 4 ಲಕ್ಷ. ಒಳಗಿದ್ದದ್ದು 20 ಲಕ್ಷದ್ದಾದರೂ ಅಷ್ಟೇ. ಭೂಕಂಪ, ಪ್ರವಾಹ, ಸಿಡಿಲಿನಿಂದಾದ ಹಾನಿಗೆ ಬ್ಯಾಂಕ್ ಹೊಣೆಯಲ್ಲ. ಇನ್ನು ಒಡವೆ ಲಾಕರ್ ಬಿಟ್ಟು ಹೊರಗೆ ಬಂದ ಮೇಲಂತೂ ಬ್ಯಾಂಕಿಗೂ ಅದಕ್ಕೂ ಸಂಬಂಧವೇ ಇಲ್ಲ.

ಇನ್ನು ಮನೆಯ ವಿಮೆ. ಇವರದ್ದು ಗೃಹಸಾಲದ ಜೊತೆ ತೆಗೆದುಕೊಂಡ ಭಾರತ್ ಗೃಹ ರಕ್ಷಾ ಪಾಲಿಸಿ. ಕಟ್ಟಡಕ್ಕೂ ಟಿವಿ, ಫ್ರಿಜ್, ಪೀಠೋಪಕರಣಕ್ಕೂ ಅದು ಒಳ್ಳೆಯ ಪಾಲಿಸಿ. ಆದರೆ ಒಡವೆ ಅದರಲ್ಲಿ ತಾನಾಗಿ ಸೇರುವುದಿಲ್ಲ, ನೀವೇ ಕೇಳಿ ಸೇರಿಸಬೇಕು. ಸೇರಿಸಿದರೂ ಒಂದು ತೊಡಕಿದೆ. ಬೆಂಕಿ, ಪ್ರವಾಹದಂಥ ಅವಘಡವಾಗಿ, ಅದರಿಂದಾಗಿಯೇ 7 ದಿನದೊಳಗೆ ಕಳವಾದರೆ ಮಾತ್ರ ಆ ಪಾಲಿಸಿಯಲ್ಲಿ ಪರಿಹಾರ. ಬಾಗಿಲು ಮೀಟಿ ಕದ್ದರೆ ಇಲ್ಲ. ಇದನ್ನು ಪಾಲಿಸಿ ಮಾರುವವರು ಬಿಡಿಸಿ ಹೇಳಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಇವರಿಗೆ ಬೇಕಿದ್ದದ್ದು ಒಡವೆಗೆಂದೇ ಇರುವ ಆಲ್ ರಿಸ್ಕ್ ವಿಮೆ, ಅದೂ ಫ್ಲೋಟರ್ ರೀತಿಯದ್ದು. ಅಂದರೆ ಮನೆಗೊಂದು, ಲಾಕರ್‌ಗೊಂದು ಅಂತ ಬೇರೆ ಬೇರೆ ಮೊತ್ತ ಇಡುವುದಿಲ್ಲ. ಒಂದೇ ಮೊತ್ತ ಲಾಕರ್‌ಗೂ, ಬೀರುವಿಗೂ, ಮೈಮೇಲೆ ಹಾಕಿಕೊಂಡು ಹೋದಾಗಲೂ ಅನ್ವಯಿಸುತ್ತದೆ. ಒಡವೆ ಎಲ್ಲಿರುತ್ತದೋ ವಿಮೆ ಅಲ್ಲಿರುತ್ತದೆ. ಕೆಲವು ಹೌಸ್‌ಹೋಲ್ಡರ್ಸ್ ಪ್ಯಾಕೇಜ್ ಪಾಲಿಸಿಗಳಲ್ಲಿ ಇದು ಒಂದು ಭಾಗವಾಗಿ ಸಿಗುತ್ತದೆ.

ಇಲ್ಲಿ ಒಂದು ಷರತ್ತನ್ನು ನಿಧಾನವಾಗಿ ಓದಬೇಕು. ಒಡವೆ ಹೆಚ್ಚಿನ ಕಾಲ ಲಾಕರ್‌ನಲ್ಲೇ ಇರುತ್ತದೆ ಅಂತ ಬರೆದುಕೊಟ್ಟರೆ ಪ್ರೀಮಿಯಂ ಕಡಿಮೆಯಾಗಬಹುದು. ಆದರೆ ಅದಕ್ಕೆ ಬದಲಾಗಿ, ಒಮ್ಮೆಗೆ ಎಷ್ಟು ಬೆಲೆಯ ಒಡವೆ, ಎಷ್ಟು ದಿನ ಹೊರಗಿರಬಹುದು ಎಂಬ ಮಿತಿ ಬರುತ್ತದೆ. 5 ಲಕ್ಷದ ಮಿತಿ ಇದ್ದು ನೀವು 15 ಲಕ್ಷದ್ದನ್ನು ಮದುವೆಗೆ ತಂದರೆ ಸಿಗುವುದು ಹೆಚ್ಚೆಂದರೆ 5 ಲಕ್ಷ. ಲಾಕರ್ ತೆರೆದ ದಿನ, ಹೊತ್ತು ಬ್ಯಾಂಕಿನಲ್ಲಿ ದಾಖಲಾಗಿರುತ್ತದೆ, ನಿಮಗೂ ಎಸ್‌ಎಂಎಸ್ ಬಂದಿರುತ್ತದೆ. ನಾವು ಮೊದಲು ಕೇಳುವ ದಾಖಲೆಗಳಲ್ಲಿ ಅದೂ ಒಂದು. ಇದರ ಜೊತೆಗೆ ನಿಲ್ಲಿಸಿದ್ದ ಕಾರಿನಲ್ಲಿ ಬಿಟ್ಟಿದ್ದು, ಮನೆಯವರೋ ಕೆಲಸದವರೋ ತೆಗೆದದ್ದು, ತಿಂಗಳುಗಟ್ಟಲೆ ಬೀಗ ಹಾಕಿದ್ದ ಮನೆಯಿಂದ ಹೋದದ್ದು, ಇವಕ್ಕೆ ಎಷ್ಟೋ ಪಾಲಿಸಿಗಳಲ್ಲಿ ಪರಿಹಾರ ಇರುವುದಿಲ್ಲ. ಸಹಿ ಹಾಕುವ ಮೊದಲೇ ಕೇಳಿ.

ಸರಿ, ಸರಿಯಾದ ಪಾಲಿಸಿಯೇ ಇತ್ತು ಅಂದುಕೊಳ್ಳಿ. ಆಗಲೂ ಈ ಮನೆಯವರಿಗೆ ಇನ್ನೊಂದು ಕಷ್ಟ ಕಾದಿತ್ತು. ಹೋದದ್ದರಲ್ಲಿ ಅರ್ಧ ಅಜ್ಜಿ ಕೊಟ್ಟದ್ದು. ಕೆಂಪಿನ ಅಡ್ಡಿಕೆ, ಜೋಡಿ ವಂಕಿ. ಬಿಲ್ ಇಲ್ಲ. ಅಂಗಡಿಯ ಹೆಸರೂ ನೆನಪಿಲ್ಲ. ಫೋಟೋದಲ್ಲಿ ಒಡವೆ ಇತ್ತು ಅಂತ ಕಾಣುತ್ತದೆ, ಎಷ್ಟು ಗ್ರಾಂ ಅಂತ ಕಾಣುವುದಿಲ್ಲ. ಕಳೆದುಹೋದ ಮೇಲೆ ಅದನ್ನು ತೂಕ ಮಾಡಲು ಯಾರಿಂದಲೂ ಆಗುವುದಿಲ್ಲ, ಅಲ್ವಾ? ಅದಕ್ಕೇ ಮೌಲ್ಯಮಾಪನ ಪತ್ರ ಪಾಲಿಸಿಗೆ ಮುಂಚೆಯೇ ಬೇಕು.

ಇದನ್ನು ಸರ್ಕಾರಿ ನೋಂದಣಿ ಇರುವ ಆಭರಣ ಮೌಲ್ಯಮಾಪಕರಿಂದಲೇ ಮಾಡಿಸಿ. "ಚಿನ್ನದ ಸರ, ಒಂದು" ಅಂತ ಬರೆದ ಪತ್ರ ಕ್ಲೇಮ್‌ನಲ್ಲಿ ಏನೂ ಪ್ರಯೋಜನಕ್ಕೆ ಬರುವುದಿಲ್ಲ. ಪ್ರತಿ ಒಡವೆಗೂ ಒಂದು ಸಾಲು ಬೇಕು. ಒಟ್ಟು ತೂಕ, ಕಲ್ಲು ಮತ್ತು ಅರಗು ಕಳೆದ ನಿವ್ವಳ ತೂಕ, ಎಷ್ಟು ಕ್ಯಾರಟ್, ಕಲ್ಲಿನ ಜಾತಿ ಮತ್ತು ಬೆಲೆ, ಆ ದಿನದ ಚಿನ್ನದ ದರ, ಫೋಟೋ. ಹಳೆಯ ಒಡವೆಗಳ ಒಳಗೆ ಅರಗು ತುಂಬಿರುವುದು ಸಾಮಾನ್ಯ. ಹಾಗಾಗಿ ಮನೆಯ ತಕ್ಕಡಿಯಲ್ಲಿ 40 ಗ್ರಾಂ ಬಂದದ್ದಕ್ಕೆ ಅಷ್ಟೂ ಚಿನ್ನದ ಬೆಲೆ ಹಾಕಿ ಕೇಳಿದರೆ ಅಲ್ಲೇ ತಕರಾರು ಶುರು. ಹೊಸ ಒಡವೆಯಾದರೆ ಹಾಲ್‌ಮಾರ್ಕ್ ಜೊತೆ ಇರುವ ಆರು ಅಕ್ಷರ, ಅಂಕಿಗಳ ಎಚ್‌ಯುಐಡಿ ಬರೆಸಿ. ಮಜೂರಿ ಸೇರಿದೆಯೋ ಇಲ್ಲವೋ ಅನ್ನುವುದೂ ಪತ್ರದಲ್ಲಿ ಸ್ಪಷ್ಟವಾಗಿರಲಿ. ಗೋಲ್ಡ್ ಲೋನ್ ಪಡೆದಾಗ ಕೊಟ್ಟ ಚೀಟಿ ತೂಕಕ್ಕೆ ಒಂದು ಸಾಕ್ಷಿಯಾಗಬಹುದು. ಆದರೆ ಅದನ್ನು ಬರೆದಿರುವುದು ಸಾಲದ ಲೆಕ್ಕಕ್ಕೆ, ಕಲ್ಲಿನ ಬೆಲೆ ಅದರಲ್ಲಿ ಇರುವುದಿಲ್ಲ.

ಭಾರತ್ ಗೃಹ ರಕ್ಷಾದಲ್ಲಿ ಒಡವೆಯ ಮೊತ್ತ 5 ಲಕ್ಷದೊಳಗಿದ್ದು, ಯಾವುದೇ ಒಂದು ಒಡವೆ 1 ಲಕ್ಷ ದಾಟದಿದ್ದರೆ ಈ ಪತ್ರ ಕಡ್ಡಾಯವಲ್ಲ. ಆದರೆ ಈಗಿನ ದರದಲ್ಲಿ ಒಂದು ಸಾಧಾರಣ ಸರವೇ ಲಕ್ಷ ದಾಟುತ್ತದೆ.

ಪತ್ರ ಹಳೆಯದಾದರೂ ನಷ್ಟವೇ. ಸುಮ್ನೆ ಲೆಕ್ಕಕ್ಕೆ, 250 ಗ್ರಾಂ ಒಡವೆಯನ್ನು ಗ್ರಾಂಗೆ 6,000 ರೂಪಾಯಿಯಂತೆ 15 ಲಕ್ಷಕ್ಕೆ ವಿಮೆ ಮಾಡಿಸಿದ್ದೀರಿ ಅನ್ನೋಣ. ದರ 9,000 ಆಯಿತು. ಈಗ ಒಟ್ಟು ಬೆಲೆ 22.5 ಲಕ್ಷ. 50 ಗ್ರಾಂ ಸರ ಕಳವಾಯಿತು, ಹೊಸದಕ್ಕೆ 4.5 ಲಕ್ಷ ಬೇಕು. ಮೊದಲೇ ಒಪ್ಪಿದ ಬೆಲೆಯ ಪಾಲಿಸಿಯಾದರೆ ಪತ್ರದಲ್ಲಿರುವ 3 ಲಕ್ಷ ಕೊಡುತ್ತಾರೆ. ಮಾರುಕಟ್ಟೆ ಬೆಲೆಯ ಪಾಲಿಸಿಯಾದರೆ, ನೀವು ಮೂರರಲ್ಲಿ ಎರಡು ಪಾಲಿಗಷ್ಟೇ ವಿಮೆ ಮಾಡಿಸಿದ್ದೀರಿ ಅಂತ ನಷ್ಟದ ಮೂರರಲ್ಲಿ ಎರಡು ಪಾಲು ಕೊಡುತ್ತಾರೆ. ಅದೂ 3 ಲಕ್ಷವೇ. ಯಾವ ದಾರಿ ಹಿಡಿದರೂ ಒಂದೂವರೆ ಲಕ್ಷ ನಿಮ್ಮ ಕೈಯಿಂದ. ಚಿನ್ನ ಏರುತ್ತಿರುವಾಗ ನವೀಕರಣದ ಹೊತ್ತಿಗೆ ದರ ನೋಡಿ ಮೊತ್ತ ಏರಿಸಿ. ಪ್ರೀಮಿಯಂ ಸ್ವಲ್ಪ ಜಾಸ್ತಿಯಾಗುತ್ತದೆ, ಆದರೆ ಈ ಕೊರತೆಯ ಮುಂದೆ ಅದು ಚಿಕ್ಕದು.

ಕಳವಾದರೆ ಎಫ್‌ಐಆರ್‌ಗೆ ಕೊಡುವ ಪಟ್ಟಿಯನ್ನು ನೆನಪಿನಿಂದ ಬರೆಯಬೇಡಿ. ಪತ್ರವನ್ನು ಎದುರಿಗಿಟ್ಟುಕೊಂಡು, ಹೋದ ಒಡವೆಯ ಸಾಲುಗಳನ್ನು ಇದ್ದ ಹಾಗೇ ಇಳಿಸಿ. ಗಾಬರಿಯಲ್ಲಿ ಪೊಲೀಸರಿಗೆ ಒಂದು ತೂಕ, ಕಂಪನಿಗೆ ಇನ್ನೊಂದು ತೂಕ ಹೇಳಿದರೆ ಕ್ಲೇಮ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕಂಪನಿಗೂ ಅದೇ ದಿನ ತಿಳಿಸಿ. ಒಡವೆ ಸಿಗದೆ ಹೋದರೆ, ಪ್ರಕರಣ ಪತ್ತೆಯಾಗಲಿಲ್ಲ ಅಂತ ಪೊಲೀಸರು ಕೊಡುವ ಸಿ ರಿಪೋರ್ಟ್ ಕೇಳುತ್ತಾರೆ, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಮೌಲ್ಯಮಾಪನ ಪತ್ರದ ಒಂದು ಪ್ರತಿಯನ್ನು ಪಾಲಿಸಿ ಮಾಡಿಸುವಾಗಲೇ ಕಂಪನಿಗೆ ಕೊಟ್ಟು ಸ್ವೀಕೃತಿ ಪಡೆದಿರಿ, ಇನ್ನೊಂದನ್ನು ನಿಮ್ಮ ಇಮೇಲ್‌ಗೆ ಕಳಿಸಿಕೊಂಡಿರಿ. ಒಡವೆ ಇಟ್ಟ ಬೀರುವಿನಲ್ಲೇ ಪತ್ರವನ್ನೂ ಇಡಬೇಡಿ.